ಕೀ ಉತ್ತರದ ಆಕ್ಷೇಪ ಬೇರೆ, ಮರುಮೌಲ್ಯಮಾಪನ ಬೇರೆ: ಮಕ್ಕಳಿಗೊಂದು ಸೂಚನೆ ಬರೆದ ಅನುಭವ

ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ನಾವು ಕೆಲವು ಅಧ್ಯಾಪಕರು ಸೇರಿ ಒಂದು ಪ್ರತಿಭಾ ಪರೀಕ್ಷೆ ನಡೆಸುತ್ತೇವೆ. ಮೇಲಿನ ಸ್ಥಾನ ಪಡೆದವರಿಗೆ ರಜೆಯಲ್ಲಿ ಉಚಿತ ತರಬೇತಿ. 60 ಬಹುಆಯ್ಕೆ ಪ್ರಶ್ನೆಗಳಿಗೆ ಓಎಂಆರ್ ಹಾಳೆ. ಸರಿಯಾದರೆ 4 ಅಂಕ, ತಪ್ಪಾದರೆ 1 ಅಂಕ ಕಡಿತ. ಅದರ ಜೊತೆಗೆ 40 ಅಂಕದ ವಿವರಣಾತ್ಮಕ ಪತ್ರಿಕೆ. ಫಲಿತಾಂಶ ಹೊರಬಿದ್ದ ಸಂಜೆಯಿಂದ ಫೋನ್ ಕರೆಗಳು ಶುರು. "ಮಾಷ್ಟ್ರೇ, ಕೀ ತಪ್ಪಿದೆ", "ಮಾಷ್ಟ್ರೇ, ಮಗಳ ಪೇಪರ್ ಇನ್ನೊಮ್ಮೆ ನೋಡ್ಬೇಕಿತ್ತು". ಫಲಿತಾಂಶದ ಜೊತೆಗೇ ಕೊಡುವ ಸೂಚನೆಯನ್ನು ಬರೆಯುವ ಕೆಲಸ ನನ್ನ ಪಾಲಿಗೆ ಬಂತು.

ಸೂಚನೆಯ ಮೊದಲ ವಾಕ್ಯ ಹೀಗಿತ್ತು: "ಕೀ ಉತ್ತರಕ್ಕೆ ಆಕ್ಷೇಪ ಸಲ್ಲಿಸುವುದು ಪ್ರಶ್ನೆಯ ಬಗ್ಗೆ, ಮರುಮೌಲ್ಯಮಾಪನ ಕೇಳುವುದು ನಿಮ್ಮ ಉತ್ತರ ಪತ್ರಿಕೆಯ ಬಗ್ಗೆ." ಈ ಎರಡನ್ನೂ ಮಕ್ಕಳು ಒಂದೇ ಅರ್ಜಿಯಲ್ಲಿ ತುರುಕುತ್ತಾರೆ. ಕೀ ಬದಲಾದರೆ ಪರೀಕ್ಷೆ ಬರೆದ ಎಲ್ಲರ ಅಂಕವನ್ನೂ ಮತ್ತೆ ಲೆಕ್ಕ ಹಾಕಬೇಕು, ಆಕ್ಷೇಪ ಸಲ್ಲಿಸದವರದ್ದನ್ನೂ ಸೇರಿಸಿ. ಮರುಮೌಲ್ಯಮಾಪನದಲ್ಲಿ ಕೇಳಿದವರ ಪತ್ರಿಕೆ ಮಾತ್ರ ಹೊರಬರುತ್ತದೆ. ಆದ್ದರಿಂದ ಮೊದಲು ಬಂದ ಪಟ್ಟಿಗೆ "ತಾತ್ಕಾಲಿಕ" ಎಂದೇ ಹೆಸರಿಟ್ಟೆವು. ಅದು ಪ್ರಕಟವಾದ ಮೇಲೆ ಐದು ದಿನ ಆಕ್ಷೇಪಕ್ಕೆ ಅವಕಾಶ. ಕೀ ಅಂತಿಮವಾದ ಮೇಲಷ್ಟೇ ಮರುಮೌಲ್ಯಮಾಪನದ ಅರ್ಜಿ.

ಆಕ್ಷೇಪದ ಫಾರ್ಮಿನಲ್ಲಿ ನಾನು ಹಟ ಹಿಡಿದು ಮೊದಲ ಸಾಲಿಗೆ ಹಾಕಿಸಿದ್ದು ಪ್ರಶ್ನೆಪುಸ್ತಿಕೆಯ ಕೋಡ್. ಎ, ಬಿ, ಸಿ, ಡಿ ಎಂದು ನಾಲ್ಕು ಸರಣಿಗಳಲ್ಲಿ ಪ್ರಶ್ನೆಗಳ ಕ್ರಮ ಬೇರೆ ಬೇರೆ. ಸಿ ಸರಣಿಯ 23ನೇ ಪ್ರಶ್ನೆ ಎ ಸರಣಿಯಲ್ಲಿ 7ನೆಯದಾಗಿರಬಹುದು. "ಕೀ ತಪ್ಪು" ಎಂದು ಬರುವ ಕರೆಗಳಲ್ಲಿ ಹೆಚ್ಚಿನವು ಬೇರೆ ಸರಣಿಯ ಕೀ ಹಿಡಿದು ತಾಳೆ ನೋಡಿದವರದು. ಒಬ್ಬನೇ ಹುಡುಗ ಹತ್ತು ಹದಿನೈದು ಪ್ರಶ್ನೆಗಳಿಗೆ ಆಕ್ಷೇಪ ಹಾಕಿದ್ದರೆ ಮೊದಲು ನೋಡಬೇಕಾದ್ದು ಇದನ್ನೇ. ಇದಕ್ಕಾಗಿ ಪ್ರಶ್ನೆಯ ಸಂಖ್ಯೆಯ ಜೊತೆಗೆ ಪ್ರಶ್ನೆಯ ಮೊದಲ ಸಾಲನ್ನೂ ಬರೆಯಲು ಹೇಳಿದೆವು. ಸಂಖ್ಯೆ ತಪ್ಪಿದರೂ ಸಾಲು ಪ್ರಶ್ನೆಯನ್ನು ತೋರಿಸಿಕೊಡುತ್ತದೆ.

ಆಧಾರದ ವಿಷಯದಲ್ಲಿ ಗಟ್ಟಿಯಾಗಿಯೇ ಬರೆದೆ. ಕೇರಳ ಎಸ್‌ಸಿಇಆರ್‌ಟಿ ಪಠ್ಯಪುಸ್ತಕದ ಪುಟ ಮೊದಲು; ಪಠ್ಯದಲ್ಲಿ ಇಲ್ಲದ್ದಕ್ಕೆ ಲೇಖಕರ ಹೆಸರಿರುವ ಪುಸ್ತಕದ ಪುಟ. ಮಂಗಳೂರಿನಿಂದ ತಂದ ಗೈಡ್, ಯೂಟ್ಯೂಬ್ ವಿಡಿಯೋ, ವಾಟ್ಸಾಪ್ ಧ್ವನಿ ಸಂದೇಶ ಯಾವುದೂ ತಾನಾಗಿ ಆಧಾರವಲ್ಲ. ದೇಲಂಪಾಡಿ, ಎಣ್ಮಕಜೆ ಕಡೆ ನೆಟ್‌ವರ್ಕ್ ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ಹಾಗಾಗಿ ಶಾಲೆಯ ಆಫೀಸಿನಲ್ಲಿ ಕಾಗದದ ಫಾರ್ಮ್ ಕೊಟ್ಟರೂ ಸಾಕು.

ನಿಜವಾದ ಪರೀಕ್ಷೆ ಬಂದದ್ದು ಬೇಕಲ ಕೋಟೆಯ ಪ್ರಶ್ನೆಯಲ್ಲಿ. ಕಟ್ಟಿಸಿದ ಕೆಳದಿ ಅರಸ ಯಾರು ಎಂದು ಕೇಳಿದ್ದೆವು. ಕೀಯಲ್ಲಿ ಶಿವಪ್ಪ ನಾಯಕ. ಆಯ್ಕೆಗಳಲ್ಲಿ ಹಿರಿಯ ವೆಂಕಟಪ್ಪ ನಾಯಕನೂ ಇದ್ದ. ಸಾಮಾನ್ಯವಾಗಿ ಹೇಳುವುದು ಶಿವಪ್ಪ ನಾಯಕನ ಹೆಸರನ್ನೇ. ಆದರೆ ಕೆಲಸ ವೆಂಕಟಪ್ಪ ನಾಯಕನ ಕಾಲದಲ್ಲಿ ಶುರುವಾಗಿ ಶಿವಪ್ಪನ ಕಾಲದಲ್ಲಿ ಮುಗಿಯಿತು ಎಂದು ಬರೆದವರೂ ಇದ್ದಾರೆ. ಪೆರ್ಲದ ಕಡೆಯ ಹುಡುಗಿಯೊಬ್ಬಳು ಅಂಥ ಪುಸ್ತಕದ ಪುಟವನ್ನೇ ಲಗತ್ತಿಸಿದ್ದಳು. ಪ್ರಶ್ನೆ ತಯಾರಿಸಿದವರನ್ನು ಬಿಟ್ಟು ಬೇರೆ ಇಬ್ಬರು ನೋಡಿ ಎರಡೂ ಉತ್ತರಗಳನ್ನು ಒಪ್ಪಿದರು.

ಇಲ್ಲಿ ಒಂದು ನಿಯಮ ಮೊದಲೇ ಬರೆದಿಟ್ಟಿದ್ದು ಉಪಕಾರಕ್ಕೆ ಬಂತು. ನೀಟ್ ಪರೀಕ್ಷೆಯಲ್ಲಿ ಎನ್‌ಟಿಎ ಅನುಸರಿಸುವ ಕ್ರಮವನ್ನೇ ನಾವು ಇಟ್ಟುಕೊಂಡದ್ದು. ಒಂದಕ್ಕಿಂತ ಹೆಚ್ಚು ಆಯ್ಕೆ ಸರಿ ಎಂದಾದರೆ ಅವುಗಳಲ್ಲಿ ಒಂದನ್ನು ಗುರುತು ಮಾಡಿದವರಿಗೆ ಮಾತ್ರ 4 ಅಂಕ. ಪ್ರಶ್ನೆಯನ್ನೇ ಕೈಬಿಟ್ಟರೆ, ಬರೆಯದೆ ಬಿಟ್ಟವರೂ ಸೇರಿ ಎಲ್ಲರಿಗೂ 4.

ಇದರ ಪರಿಣಾಮ ನೋಡಿ. ಆ ಹುಡುಗಿಗೆ ಮೊದಲು 45 ಸರಿ, 15 ತಪ್ಪು. 180ರಲ್ಲಿ 15 ಕಳೆದು 165. ಇನ್ನೊಬ್ಬ ಹುಡುಗನಿಗೆ 42 ಸರಿ, 2 ತಪ್ಪು, 16 ಖಾಲಿ. 168ರಲ್ಲಿ 2 ಕಳೆದು 166. ಬೇಕಲದ ಪ್ರಶ್ನೆಯನ್ನು ಅವನು ಖಾಲಿ ಬಿಟ್ಟಿದ್ದ. ಕೀ ತಿದ್ದಿದ ಮೇಲೆ ಅವಳದ್ದು 46 ಸರಿ, 14 ತಪ್ಪು, ಒಟ್ಟು 170. ನಾಲ್ಕು ಸೇರಿತು, ಕಳೆದಿದ್ದ ಒಂದು ವಾಪಸ್ ಬಂತು. ಹಾಗಾಗಿ ಏರಿಕೆ ನಾಲ್ಕಲ್ಲ, ಐದು. ಹುಡುಗ 166ರಲ್ಲೇ ಉಳಿದು ಅವಳ ಕೆಳಗೆ ಬಂದ.

ಅವನ ತಂದೆ ಮುಳ್ಳೇರಿಯದಿಂದ ಬಂದರು. "ನಮ್ಮವ ತಪ್ಪು ಬರೀಲಿಲ್ಲ ಅಲ್ವಾ ಮಾಷ್ಟ್ರೇ, ಅವನಿಗೂ ಕೊಡಿ" ಎಂದರು. ಎಲ್ಲರಿಗೂ ಕೊಟ್ಟಿದ್ದರೆ ಇಬ್ಬರೂ 170ರಲ್ಲಿ ಸಮ. ಆದರೆ ಪ್ರಶ್ನೆಗೆ ಉತ್ತರವಿರಲಿಲ್ಲ ಎಂದಲ್ಲ, ಎರಡು ಉತ್ತರಗಳಿದ್ದವು. ಬರೆದಿದ್ದರೆ ಅಂಕ ಸಿಗುತ್ತಿತ್ತು. ಸೂಚನೆಯ ಆ ಸಾಲನ್ನು ತೋರಿಸಿದೆ. ಅವರಿಗೆ ಸಮಾಧಾನವಾಗಲಿಲ್ಲ, ಆದರೆ ನಿಯಮ ತಮ್ಮ ಮಗನಿಗಾಗಿ ಆಮೇಲೆ ಹುಟ್ಟಿದ್ದಲ್ಲ ಎಂಬುದನ್ನು ಒಪ್ಪಿಕೊಂಡರು.

ತಾತ್ಕಾಲಿಕ ಎಂಬ ಮಾತಿಗೆ ಮಕ್ಕಳು ಬೆಲೆ ಕೊಡಲಿ ಎಂದು 2024ರ ನೀಟ್ ಪ್ರಸಂಗವನ್ನೂ ಸೂಚನೆಯಲ್ಲಿ ಎರಡು ಸಾಲು ಬರೆದಿದ್ದೆ. ಪರಮಾಣುಗಳ ಬಗೆಗಿನ ಒಂದು ಭೌತಶಾಸ್ತ್ರ ಪ್ರಶ್ನೆಗೆ ಹಳೆಯ ಎನ್‌ಸಿಇಆರ್‌ಟಿ ಪುಸ್ತಕದ ಕಾರಣದಿಂದ ಎರಡು ಉತ್ತರಗಳನ್ನು ಒಪ್ಪಲಾಗಿತ್ತು. ಸುಪ್ರೀಂ ಕೋರ್ಟ್ ಐಐಟಿ ದೆಹಲಿಯ ತಜ್ಞರನ್ನು ಕೇಳಿತು. ಅವರು ಒಂದೇ ಸರಿ ಎಂದರು. ನಾಲ್ಕು ಲಕ್ಷಕ್ಕೂ ಹೆಚ್ಚು ಅಭ್ಯರ್ಥಿಗಳಿಗೆ ತಲಾ 5 ಅಂಕ ಹೋಯಿತು. ನಮ್ಮ ಬೇಕಲದ ಲೆಕ್ಕವೇ, ದಿಕ್ಕು ಮಾತ್ರ ಉಲ್ಟಾ.

ವಿವರಣಾತ್ಮಕ ಪತ್ರಿಕೆಯ ಮರುಮೌಲ್ಯಮಾಪನಕ್ಕೆ ಒಂದು ಏರ್ಪಾಡು ಸಾಕು: ಮೊದಲ ಮೌಲ್ಯಮಾಪಕರು ಉತ್ತರದ ಹಾಳೆಯಲ್ಲಿ ಏನೂ ಗೀಚಬಾರದು, ಅಂಕಗಳು ಪ್ರತ್ಯೇಕ ಹಾಳೆಯಲ್ಲಿರಬೇಕು. ಇಲ್ಲದಿದ್ದರೆ ಎರಡನೆಯವರು ಕೆಂಪು ಶಾಯಿಯ ಅಂಕ ನೋಡಿಕೊಂಡು ಅದರ ಆಸುಪಾಸಿನಲ್ಲೇ ಹಾಕುತ್ತಾರೆ. ಮೊದಲು ಕೂಡಿಸಿದ್ದು ಸರಿಯೇ, ಯಾವ ಉತ್ತರವೂ ಬಿಟ್ಟುಹೋಗಿಲ್ಲವೇ ಎಂದು ನೋಡುತ್ತೇವೆ. ಎಷ್ಟೋ ಅರ್ಜಿಗಳು ಅಲ್ಲಿಗೇ ಮುಗಿಯುತ್ತವೆ. ಆಮೇಲೆ ಎರಡನೆಯವರು. ವ್ಯತ್ಯಾಸ 4 ಅಂಕದೊಳಗಿದ್ದರೆ ಸರಾಸರಿ. ಹೆಚ್ಚಿದ್ದರೆ ಮೂರನೆಯವರು, ಮೂವರಲ್ಲಿ ಹತ್ತಿರದ ಇಬ್ಬರ ಸರಾಸರಿ. ಒಂದು ಪತ್ರಿಕೆಗೆ 22, 29, 27 ಬಂದಾಗ ಅಂತಿಮ ಅಂಕ 28 ಆಯಿತು.

ಅಂಕ ಕಡಿಮೆಯಾದರೆ? ಕಡಿಮೆಯಾದದ್ದೇ ಉಳಿಯುತ್ತದೆ ಎಂದು ದಪ್ಪ ಅಕ್ಷರದಲ್ಲಿ ಬರೆದೆ. ಜೊತೆಗಿದ್ದವರಿಗೆ ಇದು ಕಠಿಣ ಅನಿಸಿತು. ಸ್ಥಾನ ಹಂಚುವ ಪರೀಕ್ಷೆಯಲ್ಲಿ ಮೇಲಕ್ಕೆ ಮಾತ್ರ ಹೋಗುವ ಬಾಗಿಲಿಟ್ಟರೆ ಅರ್ಜಿ ಹಾಕದ ಮಗುವಿಗೆ ಅನ್ಯಾಯ ಎಂಬುದು ನನ್ನ ವಾದ. ಅದರ ಬದಲು ಅರ್ಜಿ ಹಾಕುವ ಮೊದಲು ಪತ್ರಿಕೆಯ ಜೆರಾಕ್ಸ್ ಪಡೆಯುವ ಅವಕಾಶ ಕೊಟ್ಟೆವು. ಬರೆದವರಿಗೆ ತಮ್ಮ ಉತ್ತರ ಪತ್ರಿಕೆ ನೋಡುವ ಹಕ್ಕಿದೆ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಮಾಹಿತಿ ಹಕ್ಕಿನ ಪ್ರಕರಣವೊಂದರಲ್ಲಿ ಹೇಳಿದೆ. ನಮ್ಮಂಥ ಸಣ್ಣ ಪರೀಕ್ಷೆಗೆ ಆ ಕಾನೂನು ಅನ್ವಯಿಸಬೇಕಿಲ್ಲ, ಆದರೂ ಕ್ರಮ ಒಳ್ಳೆಯದು. ಜೆರಾಕ್ಸ್ ನೋಡಿದವರಲ್ಲಿ ಕೆಲವರು ಅರ್ಜಿ ಕೊಡದೆ ಮನೆಗೆ ಹೋದರು. ಉಳಿದವರು ಇಂಥ ಪ್ರಶ್ನೆಗೆ ಇಷ್ಟು ಸಿಗಬೇಕಿತ್ತು ಎಂದು ಕಾರಣ ಸಮೇತ ಬರೆದುಕೊಟ್ಟರು.