ಟೈಟ್ರೇಷನ್ ಪರೀಕ್ಷೆ: ವೈವಾ ಪ್ರಶ್ನೆಗಳು ನಿಮ್ಮ ಟೇಬಲ್‌ನಲ್ಲೇ ಇರುತ್ತವೆ

ಟೇಬಲ್‌ನಲ್ಲಿ ಕೊನೆಯ ರೀಡಿಂಗ್ 29.4. ಎದುರಿಗಿದ್ದ ಬ್ಯೂರೆಟ್‌ನಲ್ಲಿ ದ್ರಾವಣ ನಿಂತಿದ್ದು 33ರ ಹತ್ತಿರ. ಎಕ್ಸ್‌ಟರ್ನಲ್ ಆಗಿ ಹೋಗಿದ್ದ ನಾನು ಆ ಹುಡುಗನನ್ನು ಕೇಳಿದ್ದು ಒಂದೇ ಪ್ರಶ್ನೆ: "ಇದು ಎಲ್ಲಿಂದ ಬಂತಪ್ಪಾ?" ಅವನು ಸುಮ್ನೆ ನಿಂತ. ಪಕ್ಕದವನ ರೀಡಿಂಗ್ ನೋಡಿ ಬರೆದಿದ್ದ. ಪಕ್ಕದವನದ್ದೂ ತಪ್ಪಾಗಿತ್ತು, ಅದು ಬೇರೆ ಮಾತು.

ದ್ವಿತೀಯ ಪಿಯುಸಿ ಮಕ್ಕಳು ಟೈಟ್ರೇಷನ್ ಒಂದು ಕೆಲಸ, ವೈವಾ ಇನ್ನೊಂದು ಕೆಲಸ ಎಂದುಕೊಂಡು ಬರುತ್ತಾರೆ. ಪರೀಕ್ಷಕರು ಮೊದಲು ನೋಡುವುದು ನಿಮ್ಮ ಟೇಬಲ್. ಕೇಳುವುದೂ ಬಹುಪಾಲು ಅಲ್ಲಿಂದಲೇ. ಪರ್ಮ್ಯಾಂಗನೇಟ್ ಮತ್ತು ಆಕ್ಸಾಲಿಕ್ ಆಸಿಡ್ ಟೈಟ್ರೇಷನ್ ಬಂದಿದೆ ಅಂತಿಟ್ಟುಕೊಂಡು ಮೊದಲಿನಿಂದ ಮಾಡೋಣ.

ತೊಳೆಯುವುದು. ಬ್ಯೂರೆಟ್‌ಗೆ ನೀರು, ಆಮೇಲೆ ಸ್ವಲ್ಪ ಪರ್ಮ್ಯಾಂಗನೇಟ್. ಪಿಪೆಟ್‌ಗೆ ನೀರು, ಆಮೇಲೆ ಸ್ವಲ್ಪ ಆಕ್ಸಾಲಿಕ್ ಆಸಿಡ್. ಕೋನಿಕಲ್ ಫ್ಲಾಸ್ಕ್‌ಗೆ ಡಿಸ್ಟಿಲ್ಡ್ ವಾಟರ್ ಮಾತ್ರ. ಅದನ್ನೂ ಆಸಿಡ್‌ನಲ್ಲೇ ತೊಳೆದರೆ ಒಳಗೆ ಅಂಟಿಕೊಂಡ ಆಸಿಡ್ ಲೆಕ್ಕಕ್ಕೆ ಸಿಗುವುದಿಲ್ಲ, ರೀಡಿಂಗ್ ಜಾಸ್ತಿ ಬರುತ್ತದೆ. ಇದು ವೈವಾದ ಖಾಯಂ ಪ್ರಶ್ನೆ.

ತುಂಬುವುದು. ಬ್ಯೂರೆಟ್ ತುಂಬಿದ ಮೇಲೆ ಫನಲ್ ತೆಗೆದಿಡಿ, ಇಲ್ಲದಿದ್ದರೆ ನಡುವೆ ಅದರಿಂದ ಒಂದು ಹನಿ ಬೀಳುತ್ತದೆ. ನಲ್ಲಿಯ ಕೆಳಗಿನ ಮೂತಿಯಲ್ಲಿ ಗಾಳಿಗುಳ್ಳೆ ಇದೆಯಾ ನೋಡಿ. ಇದ್ದರೆ ನಲ್ಲಿಯನ್ನು ಒಮ್ಮೆಲೇ ಪೂರ್ತಿ ತಿರುಗಿಸಿ ಜೋರಾಗಿ ಬಿಡಿ, ಗುಳ್ಳೆ ಹೊರಟುಹೋಗುತ್ತದೆ. ರಬ್ಬರ್ ಟ್ಯೂಬ್ ಮತ್ತು ಕ್ಲಿಪ್ ಇರುವ ಹಳೆಯ ಬ್ಯೂರೆಟ್ ಕೊಟ್ಟರೆ ನಯವಾಗಿ ಬೇರೆ ಕೇಳಿ. ಪರ್ಮ್ಯಾಂಗನೇಟ್ ರಬ್ಬರನ್ನು ತಿನ್ನುತ್ತದೆ. ಆಕ್ಸಾಲಿಕ್ ಆಸಿಡ್ ವಿಷ. ಹಾಗಾಗಿ ಪಿಪೆಟ್‌ಗೆ ಬಾಯಿ ಹಾಕಬೇಡಿ, ರಬ್ಬರ್ ಬಲ್ಬ್ ಬಳಸಿ. ಅಗ್ಗದ ಬಲ್ಬ್‌ಗಳು ಗಾಳಿ ಬಿಡುತ್ತವೆ, ಮೊದಲೇ ಒತ್ತಿ ನೋಡಿಕೊಳ್ಳಿ. ಪಿಪೆಟ್ ತುದಿಯಲ್ಲಿ ಉಳಿಯುವ ಕೊನೆಯ ಹನಿಯನ್ನು ಊದಬಾರದು. ಆ ಹನಿ ಬಿಟ್ಟೇ 10 ಮಿ.ಲೀ. ಎಂದು ಗುರುತು ಹಾಕಿರುತ್ತಾರೆ.

ಆಸಿಡ್ ಮತ್ತು ಬಿಸಿ. 10 ಮಿ.ಲೀ. ಆಕ್ಸಾಲಿಕ್ ಆಸಿಡ್‌ಗೆ ಸುಮಾರು ಅಷ್ಟೇ ಡೈಲ್ಯೂಟ್ ಸಲ್ಫ್ಯೂರಿಕ್ ಆಸಿಡ್ ಹಾಕಿ 60ರಿಂದ 70 ಡಿಗ್ರಿಗೆ ಬಿಸಿ ಮಾಡಿ. ಕುದಿಸಬೇಡಿ, ಆಕ್ಸಾಲಿಕ್ ಆಸಿಡ್ ಒಡೆದುಹೋಗುತ್ತದೆ. ಫ್ಲಾಸ್ಕ್‌ನ ಕುತ್ತಿಗೆಯನ್ನು ಮಡಚಿದ ಕಾಗದದಲ್ಲಿ ಹಿಡಿದುಕೊಳ್ಳಿ.

ಎಂಡ್ ಪಾಯಿಂಟ್. ಕೆಲಸ ಕೆಡುವುದು ಇಲ್ಲಿಯೇ, ಅದೂ ಮೂರು ಬಗೆಯಲ್ಲಿ.

ಮೊದಲನೆಯದು ಶುರುವಿನಲ್ಲೇ. ಮೊದಲ ಕೆಲವು ಹನಿ ಬಿದ್ದಾಗ ಗುಲಾಬಿ ಬಣ್ಣ ಬೇಗ ಹೋಗುವುದಿಲ್ಲ. ಎಂಡ್ ಪಾಯಿಂಟ್ ಬಂತು ಎಂದು 0.3ಕ್ಕೇ ನಿಲ್ಲಿಸಿದ ಹುಡುಗಿಯನ್ನು ಕಂಡಿದ್ದೇನೆ. ಫ್ಲಾಸ್ಕ್ ಆಡಿಸುತ್ತಾ ಸ್ವಲ್ಪ ಕಾಯಿರಿ. ಬಣ್ಣ ಹೋದ ಮೇಲೆ ಮುಂದಿನ ಹನಿಗಳು ಬಿದ್ದ ತಕ್ಷಣ ಮಾಯವಾಗತೊಡಗುತ್ತವೆ. ಯಾಕೆಂದರೆ ಈ ಕ್ರಿಯೆಯಲ್ಲಿ ಹುಟ್ಟುವ ಮ್ಯಾಂಗನೀಸ್ ಅಯಾನೇ ಕ್ರಿಯೆಯನ್ನು ಜೋರು ಮಾಡುತ್ತದೆ. ಇದಕ್ಕೆ ಆಟೋಕ್ಯಾಟಲಿಸಿಸ್ ಎನ್ನುತ್ತಾರೆ. ವೈವಾದಲ್ಲಿ ಈ ಪದ ಹೇಳಿದರೆ ಸಾಲದು, ನಿಮ್ಮ ಫ್ಲಾಸ್ಕ್‌ನಲ್ಲಿ ಅದನ್ನು ಎಲ್ಲಿ ಕಂಡಿರಿ ಎಂದೂ ಹೇಳಬೇಕು.

ಎರಡನೆಯದು ಕಂದು ಬಣ್ಣ. ಫ್ಲಾಸ್ಕ್ ಒಳಗೆ ಚಹಾದಂತೆ ಕದಡಿದರೆ ಸಲ್ಫ್ಯೂರಿಕ್ ಆಸಿಡ್ ಸಾಲಲಿಲ್ಲ ಅಥವಾ ನೀವು ಒಮ್ಮೆಲೇ ಸುರಿದಿರಿ ಎಂದರ್ಥ. ಕಂದಾಗಿರುವುದು ಮ್ಯಾಂಗನೀಸ್ ಡೈಆಕ್ಸೈಡ್. ಇನ್ನಷ್ಟು ಆಸಿಡ್ ಹಾಕಿ ಬಿಸಿ ಮಾಡಿದರೆ ತಿಳಿಯಾಗಬಹುದು. ಆದರೂ ನನ್ನ ಮಾತು ಕೇಳಿ, ಅದನ್ನು ಚೆಲ್ಲಿ ಹೊಸದಾಗಿ ಮಾಡಿ.

ಮೂರನೆಯದು ತಣ್ಣಗಾಗುವುದು. ನಿಧಾನ ಮಾಡುತ್ತಾ ಕೂತರೆ ಫ್ಲಾಸ್ಕ್ ಆರುತ್ತದೆ, ಆಗ ಕ್ರಿಯೆ ಮುಗಿಯುವ ಮೊದಲೇ ಬಣ್ಣ ನಿಂತಂತೆ ಕಾಣುತ್ತದೆ. ಅನುಮಾನ ಬಂದರೆ ಸ್ವಲ್ಪ ಬಿಸಿ ಮಾಡಿ ನೋಡಿ. ಬಣ್ಣ ಹೋದರೆ ಅದು ಸುಳ್ಳು ಎಂಡ್ ಪಾಯಿಂಟ್.

ಹಾಗಾಗಿ ಮೊದಲ ಟೈಟ್ರೇಷನ್ ಒರಟಾಗಿರಲಿ, ಅಂದಾಜಿಗೆ ಅಷ್ಟೆ. ಎರಡನೆಯದರಲ್ಲಿ ಆ ಅಂದಾಜಿಗಿಂತ 1 ಮಿ.ಲೀ. ಹಿಂದಿನವರೆಗೆ ಸಲೀಸಾಗಿ ಬಿಟ್ಟು, ಆಮೇಲೆ ಹನಿ ಹನಿಯಾಗಿ ಬಿಡಿ. ಕೆಳಗೆ ಬಿಳಿ ಟೈಲ್ ಇಡಿ, ಇಲ್ಲದಿದ್ದರೆ ಬಿಳಿ ಹಾಳೆಯೂ ಆಗುತ್ತದೆ. ಒಂದೇ ಹನಿಗೆ ತೆಳು ಗುಲಾಬಿ ಬಂದು, ಆಡಿಸಿದರೂ ಅರ್ಧ ನಿಮಿಷ ನಿಂತರೆ ಮುಗಿಯಿತು. ಬೀಟ್‌ರೂಟ್ ರಸದಂತಾದರೆ ದಾಟಿಹೋಗಿದ್ದೀರಿ.

ರೀಡಿಂಗ್ ಬರೆಯುವುದು. ಪರ್ಮ್ಯಾಂಗನೇಟ್ ಗಾಢ ಬಣ್ಣದ್ದು, ಕೆಳಗಿನ ಬಾಗು ಕಾಣುವುದಿಲ್ಲ. ಮೇಲಿನ ಅಂಚನ್ನೇ ಓದಿ, ಮೂರು ಸಲವೂ ಹಾಗೇ ಓದಿ, ಕಣ್ಣು ಅದೇ ಮಟ್ಟದಲ್ಲಿರಲಿ. ಓದಿದ ತಕ್ಷಣ ಪೆನ್ನಿನಲ್ಲಿ ಬರೆಯಿರಿ. ಅಂಗೈ ಮೇಲೆ, ಹಾಲ್ ಟಿಕೆಟ್ ಹಿಂದೆ ಬರೆದುಕೊಳ್ಳುವ ಚಾಳಿ ಬೇಡ. ತಪ್ಪಾದರೆ ಒಂದು ಗೆರೆ ಎಳೆದು ಪಕ್ಕದಲ್ಲಿ ಬರೆಯಿರಿ, ಮೇಲೆಯೇ ತಿದ್ದಬೇಡಿ. 20 ಅಲ್ಲ, 20.0 ಎಂದು ಬರೆಯಿರಿ. ಆ ಸೊನ್ನೆಗೂ ಅರ್ಥವಿದೆ, ಬ್ಯೂರೆಟ್ 0.1ರವರೆಗೆ ಓದುತ್ತದೆ ಎಂದು ಅದು ಹೇಳುತ್ತದೆ.

| | 1 | 2 | 3 |
|---|---|---|---|
| ಕೊನೆಯ ರೀಡಿಂಗ್ | 10.2 | 20.0 | 29.8 |
| ಮೊದಲ ರೀಡಿಂಗ್ | 0.0 | 10.2 | 20.0 |
| ಬಳಸಿದ ಪರ್ಮ್ಯಾಂಗನೇಟ್ (ಮಿ.ಲೀ.) | 10.2 | 9.8 | 9.8 |

ಇಲ್ಲಿ ಮೂರರ ಸರಾಸರಿ ತೆಗೆಯುವವರೇ ಜಾಸ್ತಿ. ಅದು ತಪ್ಪು. ಹೊಂದುವ ಎರಡನ್ನೇ ತೆಗೆದುಕೊಳ್ಳಬೇಕು, ಅಂದರೆ 9.8. ಮೊದಲನೆಯದು 10.2 ಇದೆಯೆಂದು ನಾಚಿಕೆಪಟ್ಟು ತಿದ್ದಬೇಡಿ. "ಇದು ಯಾಕೆ ಜಾಸ್ತಿ?" ಎಂದು ಕೇಳಿದರೆ "ಅಂದಾಜಿಗೆ ಮಾಡಿದ್ದು ಸರ್, ಎಂಡ್ ಪಾಯಿಂಟ್ ದಾಟಿತು" ಎಂದರೆ ಸಾಕು. ಮೂರೂ ಸಲ 9.8 ಇರುವ ಟೇಬಲ್ ಕಂಡರೇ ನನಗೆ ಅನುಮಾನ. ಪರೀಕ್ಷಕರು ನೋಡುವವರೆಗೆ ಬ್ಯೂರೆಟ್ ಖಾಲಿ ಮಾಡಬೇಡಿ, ಕೊನೆಯ ಫ್ಲಾಸ್ಕ್ ಚೆಲ್ಲಬೇಡಿ.

ಲೆಕ್ಕ. 2 ಮೋಲ್ ಪರ್ಮ್ಯಾಂಗನೇಟ್‌ಗೆ 5 ಮೋಲ್ ಆಕ್ಸಾಲಿಕ್ ಆಸಿಡ್. ಆಸಿಡ್ 0.05 M ಕೊಟ್ಟಿದ್ದರೆ:

M = (2 × 0.05 × 10) / (5 × 9.8) = 0.0204

ಇದನ್ನು 158ರಿಂದ ಗುಣಿಸಿದರೆ ಲೀಟರ್‌ಗೆ 3.22 ಗ್ರಾಂ. ಗಡಿಬಿಡಿಯಲ್ಲಿ 2 ಮತ್ತು 5 ಅದಲುಬದಲಾದರೆ 0.1276 ಬರುತ್ತದೆ. ಕಂಡುಹಿಡಿಯುವುದು ಸುಲಭ. ಎರಡೂ ದ್ರಾವಣ ಹೆಚ್ಚುಕಡಿಮೆ 10 ಮಿ.ಲೀ. ಆದಾಗ ಪರ್ಮ್ಯಾಂಗನೇಟ್‌ನ ಉತ್ತರ ಆಸಿಡ್‌ನ 0.05ಕ್ಕಿಂತ ಚಿಕ್ಕದಿರಲೇಬೇಕು.

ವೈವಾ. ಇಂಡಿಕೇಟರ್ ಯಾಕಿಲ್ಲ? ಪರ್ಮ್ಯಾಂಗನೇಟ್ ಬಣ್ಣವೇ ಸಾಕು. ಹೈಡ್ರೋಕ್ಲೋರಿಕ್ ಆಸಿಡ್ ಯಾಕೆ ಹಾಕಲಿಲ್ಲ? ಪರ್ಮ್ಯಾಂಗನೇಟ್ ಅದನ್ನೂ ಆಕ್ಸಿಡೈಸ್ ಮಾಡಿ ಕ್ಲೋರಿನ್ ಬಿಡಿಸುತ್ತದೆ, ರೀಡಿಂಗ್ ಏರುತ್ತದೆ. ನೈಟ್ರಿಕ್? ಅದೇ ಒಂದು ಆಕ್ಸಿಡೈಸಿಂಗ್ ಏಜೆಂಟ್, ರೀಡಿಂಗ್ ಇಳಿಯುತ್ತದೆ. ಪಕ್ಕದ ಟೇಬಲ್‌ನವರು ಮೋರ್ಸ್ ಸಾಲ್ಟ್‌ಗೆ ಬಿಸಿ ಮಾಡುತ್ತಿಲ್ಲವಲ್ಲ, ಯಾಕೆ? ಆ ಕ್ರಿಯೆ ತಣ್ಣಗಿದ್ದಾಗಲೇ ಬೇಗ ನಡೆಯುತ್ತದೆ. ಬಿಸಿ ಮಾಡಿದರೆ ಫೆರಸ್ ಗಾಳಿಗೆ ಫೆರಿಕ್ ಆಗಿಬಿಡುತ್ತದೆ. "ಬುಕ್ಕಲ್ಲಿ ಹಾಗಿದೆ ಮೇಡಂ" ಎಂಬ ಉತ್ತರಕ್ಕೆ ಯಾರೂ ಅಂಕ ಕೊಡುವುದಿಲ್ಲ. ರೀಡಿಂಗ್ ಏರುತ್ತದೋ ಇಳಿಯುತ್ತದೋ ಎಂದು ಹೇಳಿ.

ಎಲ್ಲ ಮುಗಿದು ಸಹಿ ಆದ ಮೇಲೆ ಬ್ಯೂರೆಟ್ ತೊಳೆಯುವಾಗ ಒಳಗೆ ಕಂದು ಕಲೆ ಉಳಿದಿರುತ್ತದೆ. ನೀರಿಗೆ ಅದು ಹೋಗುವುದಿಲ್ಲ. ಉಳಿದ ಆಕ್ಸಾಲಿಕ್ ಆಸಿಡ್‌ಗೆ ಸ್ವಲ್ಪ ಡೈಲ್ಯೂಟ್ ಸಲ್ಫ್ಯೂರಿಕ್ ಹಾಕಿ ಅದರಲ್ಲಿ ಆಡಿಸಿದರೆ ಹೋಗುತ್ತದೆ. ಯಾಕೆ ಹೋಗುತ್ತದೆ ಎಂದು ಸಿಂಕ್ ಹತ್ತಿರವೇ ನಿಲ್ಲಿಸಿ ಕೇಳಿದ ಪರೀಕ್ಷಕರೂ ಇದ್ದಾರೆ.