ಅಮ್ಮನ ಖಾತೆ ಮಗಳು ನಡೆಸಬೇಕೆ? ಬ್ಯಾಂಕ್ ಒಪ್ಪುವಂಥ ಪವರ್ ಆಫ್ ಅಟಾರ್ನಿ ಹೀಗೆ ಮಾಡಿಸಿ

ಹೊಳಲ್ಕೆರೆ ಕಡೆಯ ಹಳ್ಳಿಯೊಂದರಲ್ಲಿ 78 ವರ್ಷದ ತಾಯಿ ಇದ್ದಾರೆ ಎಂದಿಟ್ಟುಕೊಳ್ಳಿ. ಅವರ ಉಳಿತಾಯ ಖಾತೆ ಮತ್ತು ಎರಡು ಎಫ್‌ಡಿ ಚಿತ್ರದುರ್ಗದ ಶಾಖೆಯಲ್ಲಿವೆ. ಮೊಣಕಾಲು ನೋವಿನಿಂದ ಬಸ್ ಹತ್ತಲು ಆಗುವುದಿಲ್ಲ, ಕೈಯೂ ನಡುಗುತ್ತದೆ. ಲೆಕ್ಕ, ನೆನಪು ಮಾತ್ರ ಚುರುಕಾಗಿವೆ. ದಾವಣಗೆರೆಯಲ್ಲಿರುವ ಮಗಳು ಖಾತೆ ನೋಡಿಕೊಳ್ಳಲಿ ಎಂಬುದು ಅವರದೇ ಇಷ್ಟ.

ಹೆಚ್ಚಿನವರು ಮೊದಲು ಕೋರ್ಟ್ ಬಳಿಯ ನೋಟರಿ ಹತ್ತಿರ ಹೋಗಿ ಪವರ್ ಆಫ್ ಅಟಾರ್ನಿ, ಅಂದರೆ ತಮ್ಮ ಪರವಾಗಿ ವ್ಯವಹರಿಸಲು ಇನ್ನೊಬ್ಬರಿಗೆ ಅಧಿಕಾರ ಕೊಡುವ ಪತ್ರ ಮಾಡಿಸಿ, ಆಮೇಲೆ ಬ್ಯಾಂಕಿಗೆ ಬರುತ್ತಾರೆ. ಮೊದಲು ಹೋಗಬೇಕಾದದ್ದು ಖಾತೆ ಇರುವ ಶಾಖೆಗೆ. ಅನೇಕ ಬ್ಯಾಂಕುಗಳಲ್ಲಿ ಅವರದೇ ನಮೂನೆ ಇರುತ್ತದೆ, ಅದನ್ನು ಕೇಳಿ ಪಡೆಯಿರಿ. ಪತ್ರ ಕನ್ನಡದಲ್ಲಿದ್ದರೆ ಸಾಕೆ, ಇಂಗ್ಲಿಷ್ ಬೇಕೆ ಎಂದೂ ಆಗಲೇ ಕೇಳಿ. ಅದನ್ನು ಪರಿಶೀಲಿಸುವ ಕಾನೂನು ವಿಭಾಗ ಬೇರೆ ಊರಿನಲ್ಲಿರಬಹುದು. ಖಾತೆ ಒಬ್ಬರದೋ ಜಂಟಿಯೋ ಎಂದು ಪಾಸ್‌ಬುಕ್ಕಿನಲ್ಲಿ ನೋಡಿಕೊಳ್ಳಿ. ಅಪ್ಪನ ಹೆಸರೂ ಇದ್ದರೆ ಸಾಮಾನ್ಯವಾಗಿ ಇಬ್ಬರ ಸಹಿಯೂ ಬೇಕಾಗುತ್ತದೆ.

ಪತ್ರ ತಿರಸ್ಕೃತವಾಗಲು ದೊಡ್ಡ ಕಾರಣ ಸಹಿ. ತಾಯಿ ಖಾತೆ ತೆರೆದಾಗ ಹಾಕಿದ ಮಾದರಿ ಸಹಿಗೂ ಇವತ್ತಿನ ನಡುಗುವ ಸಹಿಗೂ ತಾಳೆಯಾಗುವುದಿಲ್ಲ. ನೋಟರಿ ಮುದ್ರೆ ಎಷ್ಟು ಸ್ಪಷ್ಟವಾಗಿದ್ದರೂ ಬ್ಯಾಂಕ್ ತನ್ನಲ್ಲಿರುವ ಮಾದರಿಯನ್ನೇ ನೋಡುತ್ತದೆ. ಆದ್ದರಿಂದ ಪತ್ರಕ್ಕೂ ಮೊದಲು ಹೊಸ ಮಾದರಿ ಸಹಿ ಕೊಡಿಸಿ, ಇಲ್ಲವೇ ಖಾತೆಯನ್ನು ಹೆಬ್ಬೆಟ್ಟಿನ ಗುರುತಿಗೆ ಬದಲಿಸಿಕೊಳ್ಳಿ. ಇದಕ್ಕಾಗಿ ಸಿಬ್ಬಂದಿಯನ್ನು ಮನೆಗೆ ಕಳಿಸುವಂತೆ ಮ್ಯಾನೇಜರ್‌ಗೆ ಅರ್ಜಿ ಬರೆಯಿರಿ. 70 ದಾಟಿದವರ ಕೆವೈಸಿ ದಾಖಲೆಗಳನ್ನು ಮನೆಯಲ್ಲೇ ಪಡೆಯುವಂಥ ಸೌಲಭ್ಯ ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2017ರಲ್ಲೇ ಬ್ಯಾಂಕುಗಳಿಗೆ ಸೂಚಿಸಿದೆ. ತಾಯಿಯ ಕೆವೈಸಿ ಹಳೆಯದಾಗಿದ್ದರೆ ಅದನ್ನೂ ಜೊತೆಗೇ ಮುಗಿಸಿ.

ಎರಡನೆಯ ತೊಡಕು ಪತ್ರದ ಒಕ್ಕಣೆಯದು. ‘ನನ್ನ ಎಲ್ಲ ವ್ಯವಹಾರ ನೋಡಿಕೊಳ್ಳಲು’ ಎಂದಷ್ಟೇ ಬರೆದರೆ, ಎಫ್‌ಡಿ ಮುರಿಸಲು ಹೋದ ದಿನ ಕೌಂಟರಿನಲ್ಲಿ ಆಗುವುದಿಲ್ಲ ಎನ್ನುತ್ತಾರೆ. ಪತ್ರದಲ್ಲಿ ಇಲ್ಲದ ಅಧಿಕಾರವನ್ನು ಬ್ಯಾಂಕ್ ಊಹಿಸಿಕೊಳ್ಳುವುದಿಲ್ಲ. ಶಾಖೆಯ ಹೆಸರು, ಉಳಿತಾಯ ಖಾತೆ ಮತ್ತು ಎಫ್‌ಡಿ ಸಂಖ್ಯೆಗಳನ್ನು ಬರೆದು, ಹೀಗೆ ಬಿಡಿಸಿ ಹೇಳಿ: ‘ಈ ಖಾತೆಗೆ ಹಣ ಕಟ್ಟಲು, ಚೆಕ್‌ಗೆ ಸಹಿ ಮಾಡಿ ಹಣ ತೆಗೆಯಲು, ಎಫ್‌ಡಿ ನವೀಕರಿಸಲು, ಅವಧಿಗೆ ಮುನ್ನ ಮುರಿಸಿ ಆ ಹಣವನ್ನು ಇದೇ ಖಾತೆಗೆ ಜಮಾ ಮಾಡಿಸಲು, ಸ್ಟೇಟ್‌ಮೆಂಟ್ ಪಡೆಯಲು.’ ‘ಇದೇ ಖಾತೆಗೆ’ ಎಂಬ ಮಾತು ತಾಯಿಗೂ ರಕ್ಷಣೆ. ಮುಂದೆ ಅಣ್ಣತಮ್ಮಂದಿರು ಪ್ರಶ್ನೆ ಎತ್ತಿದರೆ ಮಗಳಿಗೂ ರಕ್ಷಣೆ. ಸಾಲ ತೆಗೆಯುವುದು, ನಾಮಿನಿ ಬದಲಿಸುವುದು ಇದರಲ್ಲಿ ಬೇಡ.

ಇ-ಸ್ಟ್ಯಾಂಪ್ ಕಾಗದದಲ್ಲಿ ತಾಯಿ ಮೊದಲ ಪಕ್ಷ, ಮಗಳು ಎರಡನೇ ಪಕ್ಷ. ಹೆಸರಿನ ಅಕ್ಷರಗಳು ಪಾಸ್‌ಬುಕ್ಕಿನಲ್ಲಿ ಇರುವಂತೆಯೇ ಇರಲಿ. ಸ್ಟ್ಯಾಂಪ್ ಶುಲ್ಕದ ಮೊತ್ತವನ್ನು ಪತ್ರ ಬರಹಗಾರರು ಹೇಳಿದ ಹಳೆಯ ಲೆಕ್ಕಕ್ಕೆ ಬಿಡದೆ, ಆ ದಿನದ ದರ ವಿಚಾರಿಸಿ ಕಟ್ಟಿ. ತಾಯಿ ನೋಟರಿಯ ಎದುರಿಗೇ ಪ್ರತಿ ಪುಟಕ್ಕೂ ಸಹಿ ಮಾಡಬೇಕು, ಅವರ ರಿಜಿಸ್ಟರಿನಲ್ಲೂ ಸಹಿ ಹಾಕಬೇಕು. ಹೆಬ್ಬೆಟ್ಟಾದರೆ ಇಬ್ಬರು ಸಾಕ್ಷಿಗಳಿರಲಿ. ಅಮ್ಮ ಬರದೆಯೇ ಮುದ್ರೆ ಒತ್ತಿಸಿಕೊಂಡ ಪತ್ರ ವಿವಾದ ಬಂದ ದಿನ ಕೈಕೊಡುತ್ತದೆ. ಓಡಾಡಲಾಗದಿದ್ದರೆ ನೋಟರಿಯನ್ನೇ ಮನೆಗೆ ಕರೆಸಿ. ನೋಂದಾಯಿಸಿದ ಪತ್ರವೇ ಬೇಕೆಂದು ಬ್ಯಾಂಕ್ ಕೇಳಿದರೆ, ದೈಹಿಕವಾಗಿ ಅಶಕ್ತರಾದವರ ಮನೆಗೇ ಸಬ್ ರಿಜಿಸ್ಟ್ರಾರ್ ಬರಲು 1908ರ ನೋಂದಣಿ ಕಾಯ್ದೆಯಲ್ಲಿ ಅವಕಾಶವಿದೆ.

ಶಾಖೆಗೆ ಮೂಲ ಪತ್ರ, ಅದರ ದೃಢೀಕರಿಸಿದ ನಕಲು, ತಾಯಿಯ ಕೋರಿಕೆ ಪತ್ರ, ಮಗಳ ಆಧಾರ್, ಪ್ಯಾನ್, ಫೋಟೊ ಒಯ್ಯಿರಿ. ಮಗಳ ಮಾದರಿ ಸಹಿಯನ್ನೂ ಪಡೆಯುತ್ತಾರೆ. ಕೊಟ್ಟದ್ದಕ್ಕೆ ಸೀಲು, ದಿನಾಂಕವಿರುವ ಸ್ವೀಕೃತಿ ಕೇಳಿ. ಕಂಪ್ಯೂಟರಿನಲ್ಲಿ ದಾಖಲಾದ ಮೇಲೆ ಮೊದಲು ಸಣ್ಣ ಮೊತ್ತದ ಚೆಕ್ ಹಾಕಿ ನೋಡಿ. ಮಗಳು ತನ್ನದೇ ಸಹಿ ಮಾಡಿ, ತಾಯಿಯ ಹೆಸರು ಬರೆದು ‘ಇವರ ಪರವಾಗಿ, ಪವರ್ ಆಫ್ ಅಟಾರ್ನಿ ಹೊಂದಿರುವವರು’ ಎಂದು ಸೇರಿಸಬೇಕು. ಅಮ್ಮನ ಸಹಿಯನ್ನು ತಾನೇ ಹಾಕಿದರೆ ಅದು ನಕಲಿ ಸಹಿ. ತಾಯಿಯ ಎಟಿಎಂ ಪಿನ್, ಒಟಿಪಿ ಬಳಸಲೂ ಈ ಪತ್ರ ಅನುಮತಿಯಲ್ಲ. ಪಿಂಚಣಿದಾರರಾದರೆ ಜೀವಿತ ಪ್ರಮಾಣ ಪತ್ರವನ್ನು ಅವರ ಹೆಸರಲ್ಲೇ ಕೊಡಬೇಕು. ಮನೆಯಲ್ಲಿ ಕುಳಿತೇ ಮೊಬೈಲಿನ ‘ಜೀವನ್ ಪ್ರಮಾಣ್’ ಆ್ಯಪ್‌ನಲ್ಲಿ ಮುಖ ತೋರಿಸಿ ಮುಗಿಸಬಹುದು.

1872ರ ಕರಾರು ಕಾಯ್ದೆಯ 201ನೇ ಸೆಕ್ಷನ್ ಪ್ರಕಾರ ಅಧಿಕಾರ ಕೊಟ್ಟವರು ತೀರಿಕೊಂಡರೆ ಅಥವಾ ಬುದ್ಧಿಸ್ವಾಸ್ಥ್ಯ ಕಳೆದುಕೊಂಡರೆ ಅಧಿಕಾರ ಕೊನೆಗೊಳ್ಳುತ್ತದೆ. ತಾಯಿ ತೀರಿದ ಮೇಲೆ ತಿಥಿ ಖರ್ಚಿಗೆಂದೂ ಈ ಪತ್ರದಿಂದ ಹಣ ತೆಗೆಯುವಂತಿಲ್ಲ. ಆಗ ನಾಮಿನಿ ಅಥವಾ ವಾರಸುದಾರರೇ ಅರ್ಜಿ ಹಾಕಬೇಕು. ಮರೆವಿನ ಕಾಯಿಲೆ ಬಲಿತ ಮೇಲೆ ಹೊಸದಾಗಿ ಪತ್ರ ಮಾಡಿಸುವುದೂ ಆಗದು. ಹಾಗಾಗಿ ಅಮ್ಮ ಓದಿಸಿ ಕೇಳಿ, ಅರ್ಥ ಮಾಡಿಕೊಂಡು ಹೂಂ ಅನ್ನುವ ಸ್ಥಿತಿಯಲ್ಲಿರುವಾಗಲೇ ಮುಗಿಸಿ.

ಮನಸ್ಸು ಬದಲಾದರೆ ತಾಯಿ ಯಾವಾಗ ಬೇಕಾದರೂ ಇದನ್ನು ರದ್ದು ಮಾಡಬಹುದು. ಆದರೆ ಮಗಳಿಗೆ ಹೇಳಿದರಷ್ಟೇ ಸಾಲದು, ಶಾಖೆಗೂ ಲಿಖಿತವಾಗಿ ತಿಳಿಸಬೇಕು. ವಿಷಯ ಗೊತ್ತಾಗುವ ಮುನ್ನ ಬ್ಯಾಂಕ್ ಕೊಟ್ಟ ಹಣಕ್ಕೆ ಅದನ್ನು ಹೊಣೆ ಮಾಡಲಾಗದು. ಶಾಖೆ ಪತ್ರವನ್ನೇ ಒಪ್ಪದಿದ್ದರೆ ಕಾರಣವನ್ನು ಬರಹದಲ್ಲಿ ಕೇಳಿ, ಬ್ಯಾಂಕಿಗೆ ದೂರು ಕೊಡಿ. 30 ದಿನಗಳಲ್ಲಿ ಉತ್ತರ ಬಾರದಿದ್ದರೆ cms.rbi.org.in ನಲ್ಲಿ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಸಲ್ಲಿಸಬಹುದು.