ಲೆಕ್ಕದ ಮೇಜಿನಿಂದ ತೊಗರಿ ಖರೀದಿಗೆ: ಮೂರನೆಯ ಸಲ ಕೇಳಿದಾಗ ಸಿಕ್ಕಿತು

ಕಲಬುರಗಿಯ ಬೇಳೆ ಮಿಲ್ಲೊಂದರಲ್ಲಿ ಏಳೆಂಟು ವರ್ಷ ಲೆಕ್ಕಪತ್ರ ನೋಡಿಕೊಂಡಿದ್ದ ನಾನು, ಕೆಲಸ ಬಿಡದೆಯೇ ಒಂದು ಸುಗ್ಗಿಯ ಮಟ್ಟಿಗೆ ಖರೀದಿ ವಿಭಾಗಕ್ಕೆ ಹೋಗಿ ನೋಡುತ್ತೇನೆಂದಾಗ ಜೊತೆಯವರು ನಕ್ಕಿದ್ದರು. ಖರೀದಿ ಕಲಿಯುವ ಆಸೆಯಿದೆ ಎಂದು ಮೊದಲ ಸಲ ಬಾಯಿಮಾತಿನಲ್ಲಿ ಕೇಳಿದಾಗ ಸಾಹುಕಾರರು, "ಪಗಾರ ಸಾಲವಲ್ದೇನಪಾ?" ಎಂದು ಮಾತು ಮುಗಿಸಿದರು. ಮರುವರ್ಷ ಖರೀದಿ ಮ್ಯಾನೇಜರರ ಮೂಲಕ ಪ್ರಯತ್ನಿಸಿದೆ. ಅವರು ತಮ್ಮ ಬಿಲ್ಲುಗಳ ತಪಾಸಣೆಗೆ ಬಂದವನೆಂದು ತಿಳಿದು, ಕೆಲವು ವಾರ ಬಿಲ್ಲುಗಳನ್ನೇ ತಡವಾಗಿ ಕೊಟ್ಟರು.

ಮೂರನೆಯ ಸಲ ಆಸೆಯ ಮಾತು ಬಿಟ್ಟು ನಷ್ಟದ ಲೆಕ್ಕವನ್ನು ಒಂದೇ ಹಾಳೆಯಲ್ಲಿ ಬರೆದೆ. ಶೇ. 14 ತೇವವಿರುವ 100 ಕ್ವಿಂಟಲ್ ತೊಗರಿ, ಒಣಗಿ ಶೇ. 12ಕ್ಕೆ ಇಳಿದಾಗ ತೂಕದಲ್ಲಿ ಸುಮಾರು 97.7 ಕ್ವಿಂಟಲ್ ಉಳಿಯುತ್ತದೆ. ಕ್ವಿಂಟಲ್‌ಗೆ ಏಳು ಸಾವಿರ ರೂಪಾಯಿ ಎಂದು ಹಿಡಿದರೂ ಆ ಒಂದು ಲಾಟಿನಲ್ಲೇ 16 ಸಾವಿರದಷ್ಟು ಹೋಗುತ್ತದೆ. ಯಾವ ಲಾಟಿನಲ್ಲಿ ಎಷ್ಟು ಕರಗಿತೆಂಬುದು ನನ್ನ ಪುಸ್ತಕಗಳಲ್ಲೇ ಇತ್ತು. ಯಾರ ಹೆಸರನ್ನೂ ಬರೆಯದೆ, ಆ ಹಾಳೆಯನ್ನು ಸಾಹುಕಾರರಿಗಿಂತ ಮೊದಲು ಮ್ಯಾನೇಜರರಿಗೇ ತೋರಿಸಿದೆ. ಅಂದು ಅವರಿಗೆ ಹೇಳಿದ ಒಂದು ಮಾತನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ.

ಕೇಳಿದ್ದು ಬಹಳ ಚಿಕ್ಕದು. ಜಿಎಸ್‌ಟಿ ರಿಟರ್ನ್‌ಗಳು 11 ಮತ್ತು 20ನೇ ತಾರೀಖಿಗೆ ಮುಗಿಯುವುದರಿಂದ, ಜನವರಿ ಮತ್ತು ಫೆಬ್ರವರಿಯಲ್ಲಿ 21ರಿಂದ ತಿಂಗಳ ಕೊನೆಯವರೆಗೆ, ಬೆಳಿಗ್ಗೆ ಮಾತ್ರ ಎಪಿಎಂಸಿಗೆ ಹೋಗುವುದು, ನಾನು ಮೊದಲೇ ಕಲಿಸಿ ತಯಾರು ಮಾಡಿದ್ದ ಹುಡುಗ ಆ ಹೊತ್ತಿನ ಮಾರಾಟದ ಬಿಲ್ಲುಗಳನ್ನು ಬರೆಯುವುದು, ಪಗಾರ ಮೊದಲಿನಷ್ಟೇ, ವರ್ಷಾಂತ್ಯದ ಲೆಕ್ಕಕ್ಕಾಗಿ ಮಾರ್ಚ್ ಒಂದಕ್ಕೆ ನನ್ನ ಮೇಜಿಗೆ ಮರಳುವುದು. ಮರಳುವ ತಾರೀಖನ್ನು ಬರೆದುಕೊಟ್ಟದ್ದರಿಂದಲೇ ಸಾಹುಕಾರರು ಒಪ್ಪಿದರೆಂದು ನನ್ನ ಎಣಿಕೆ. ಅಡತಿ ಅಂಗಡಿಯಲ್ಲಿ ನೋಡಿದ ತೇವಕ್ಕೂ ಮಿಲ್ಲಿನಲ್ಲಿ ಬಂದ ತೇವಕ್ಕೂ ಅರ್ಧ ಪರ್ಸೆಂಟಿಗಿಂತ ಹೆಚ್ಚು ಅಂತರ ಬರಬಾರದೆಂಬುದು ಪರೀಕ್ಷೆ.

ಮೊದಲ ವಾರ ಅಂತರ ಒಂದೂವರೆಯವರೆಗೆ ಹೋಯಿತು. ಚೀಲದ ಬಾಯಲ್ಲಿ ಒಣ ಕಾಳು, ತಳದಲ್ಲಿ ಹಸಿ. ಚಳಿಯ ಮುಂಜಾನೆ ತಣ್ಣಗಿದ್ದ ಕಾಳಿನ ಮೇಲೆ ಮೀಟರೂ ಸರಿಯಾಗಿ ಹೇಳುತ್ತಿರಲಿಲ್ಲ. ತಳದವರೆಗೆ ಚುಚ್ಚಿ ತೆಗೆದ ಕಾಳನ್ನು ಅರ್ಧ ಗಂಟೆ ಅಂಗಡಿಯೊಳಗಿಟ್ಟು ಅಳೆದ ಮೇಲೆ ಅಂತರ ಇಳಿಯಿತು. ಈ ನಡುವೆ ಹಿರಿಯ ಹಮಾಲರೊಬ್ಬರು ಕಾಳು ಕಚ್ಚಿ ಹೇಳುವ ತೇವವನ್ನೂ ಮೀಟರಿನೊಂದಿಗೆ ಹೋಲಿಸಿ ಬರೆದಿಟ್ಟೆ: ಒಣ ಮಾಲಿನಲ್ಲಿ ಅವರದು ಬಹುತೇಕ ಸರಿ, ಹಸಿ ಮಾಲಿನಲ್ಲಿ ಅವರ ಲೆಕ್ಕವೇ ಬೇರೆ, ಮೀಟರಿನದೇ ಬೇರೆ.

ಪೆಟ್ರೋಲು, ಚಹಾ ಸೇರಿ ನನ್ನ ಕೈಯಿಂದ ಎರಡು ಸಾವಿರದಷ್ಟು ಹೋಯಿತು. ತಿರಸ್ಕರಿಸಿದ ಮತ್ತು ದರ ಇಳಿಸಿ ಕೊಂಡ ಲಾಟುಗಳಿಂದ ಮಿಲ್ಲಿಗೆ ಉಳಿದದ್ದು ಲಕ್ಷದ ಆಸುಪಾಸು. ಮುಂದಿನ ಸುಗ್ಗಿಗೆ ಸಾಹುಕಾರರೇ ಕರೆದರು. ಆಗ ಪಗಾರದ ಮಾತನ್ನು ನಾನೇ ತೆಗೆದೆ, ಅವರು ನಗಲಿಲ್ಲ.